ಟೋಕನ್ ಕೊಟ್ಟ ಮನೆ ಬೇಡ ಅಂದ್ರೆ ಎಷ್ಟು ದುಡ್ಡು ವಾಪಸ್ ಬರಬೇಕು?

ಆ ಮನೆ ನೋಡಿಕೊಂಡು ಬಂದವರು ನಾವೇ. ನಮ್ಮ ಸಂಘದಲ್ಲಿ ನಮಗಿಂತ ಮೂರು ವರ್ಷ ಸೀನಿಯರ್ ಆಗಿದ್ದ ಅಕ್ಕ ಒಬ್ಬರು ಪುಣೆಯಲ್ಲಿ ಕೆಲಸದಲ್ಲಿದ್ದರು. ಕಳೆದ ವರ್ಷ ಮೇ ಕೊನೆಯಲ್ಲಿ ಅವರ ಕಂಪನಿ ಬೆಂಗಳೂರಿಗೆ ಟ್ರಾನ್ಸ್‌ಫರ್ ಕೊಟ್ಟಿತು, ಜುಲೈ 1ಕ್ಕೆ ಬನ್ನೇರುಘಟ್ಟ ರಸ್ತೆಯ ಆಫೀಸಿಗೆ ಬನ್ನಿ ಅಂತ. ಅಕ್ಕ ನಮಗೆ ಫೋನ್ ಮಾಡಿ, "ಜೆ.ಪಿ. ನಗರದ ಕಡೆ ಎರಡು ಬೆಡ್‌ರೂಮಿನ ಮನೆ ನೋಡ್ರೋ, ವಿಡಿಯೋ ಕಾಲಲ್ಲಿ ತೋರಿಸಿ ಸಾಕು" ಅಂದರು. ನಾವು ಇಬ್ಬರು ಎರಡು ಭಾನುವಾರ ಜಯನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಎಲ್ಲಾ ಸುತ್ತಿ, ಕೊನೆಗೆ ಜೆ.ಪಿ. ನಗರ 7ನೇ ಹಂತದಲ್ಲಿ ಒಂದು ಮನೆ ಒಪ್ಪಿಸಿದೆವು. ಬಾಡಿಗೆ 30,000, ಅಡ್ವಾನ್ಸ್ 1,50,000. ಓನರ್ ಕೆಳಗಿನ ಮನೆಯಲ್ಲೇ ಇರೋ ನಿವೃತ್ತ ಅಂಕಲ್. ಜೂನ್ 8ರಂದು ಅಕ್ಕ ಒಂದು ತಿಂಗಳ ಬಾಡಿಗೆಯಷ್ಟು, ಅಂದರೆ 30,000 ರೂಪಾಯಿ ಟೋಕನ್ ಅಂತ ಯುಪಿಐ ಮಾಡಿದರು. ಅಂಕಲ್ ನಮ್ಮ ಎದುರಿಗೇ ಗೇಟಿಗೆ ಕಟ್ಟಿದ್ದ ಟು-ಲೆಟ್ ಬೋರ್ಡ್ ಬಿಚ್ಚಿ ಒಳಗಿಟ್ಟರು.

ಜೂನ್ 17ಕ್ಕೆ ಮೇಲ್ ಬಂತು: ಟ್ರಾನ್ಸ್‌ಫರ್ ರದ್ದಾಗಿದೆ, ಪುಣೆಯಲ್ಲೇ ಮುಂದುವರಿಯಿರಿ. ಮ್ಯಾನೇಜರ್ ಹತ್ತಿರ ಮಾತಾಡಿದರೆ ಸರಿಹೋಗಬಹುದು ಅಂತ ಅಕ್ಕ ನಾಲ್ಕು ದಿನ ಕಾದರು. 21ಕ್ಕೆ ಅಂಕಲ್‌ಗೆ ಫೋನ್ ಮಾಡಿ ವಿಷಯ ಹೇಳಿ, ದುಡ್ಡು ವಾಪಸ್ ಕೇಳಿದರು. ಅಂಕಲ್ ಹೇಳಿದ್ದು ಒಂದೇ ಮಾತು: "ಟೋಕನ್ ಅಂದ್ರೆ ವಾಪಸ್ ಇಲ್ಲಮ್ಮ, ಅದು ಎಲ್ಲಾ ಕಡೆ ಇರೋ ಪದ್ಧತಿ." ಅಕ್ಕನ ಮಾತೂ ಒಂದೇ: "ನಾನು ಆ ಮನೇಲಿ ಒಂದು ದಿನ ಕೂಡ ಇರಲಿಲ್ಲ, ಪೂರ್ತಿ ಮೂವತ್ತು ಸಾವಿರ ಕೊಡಿ."

ಇಬ್ಬರ ಮಧ್ಯೆ ಸಿಕ್ಕಿಹಾಕಿಕೊಂಡವರು ನಾವು. ಮೊದಲ ಎರಡು ದಿನ ನಾವು ಪೂರ್ತಿ ಅಕ್ಕನ ಪಕ್ಷವೇ. ಆದರೆ ಕೂತು ಲೆಕ್ಕ ಹಾಕಿದಾಗ, ಸ್ವಲ್ಪ ಕಾನೂನೂ ಓದಿದಾಗ, ಇಬ್ಬರೂ ತಪ್ಪು ಅಂತ ಅನ್ನಿಸಿತು. ನಮ್ಮ ವಾದ ಇಷ್ಟು: ಟೋಕನ್ ಅನ್ನೋದು ಓನರ್‌ಗೆ ಸಿಕ್ಕ ಬಹುಮಾನ ಅಲ್ಲ, ಬಾಡಿಗೆದಾರನ ಉಳಿತಾಯ ಖಾತೆಯೂ ಅಲ್ಲ. ನಾವು ಹಿಂದೆ ಸರಿದಿದ್ದರಿಂದ ಆ ಮನೆ ಎಷ್ಟು ದಿನ ಖಾಲಿ ಬಿತ್ತೋ ಅಷ್ಟಕ್ಕೆ ಅದು ಜಾಮೀನು. ಅದನ್ನು ಕಳೆದು ಉಳಿದಿದ್ದು ವಾಪಸ್ ಬರಬೇಕು.

ಮೊದಲು ಅಕ್ಕನ ವಾದ ನೋಡೋಣ. ಟ್ರಾನ್ಸ್‌ಫರ್ ರದ್ದಾಗಿದ್ದು ಅವರ ತಪ್ಪಲ್ಲ, ನಿಜ. ಆದರೆ ಅದು ಓನರ್ ತಪ್ಪೂ ಅಲ್ಲವಲ್ಲ? ಭಾರತೀಯ ಕರಾರು ಕಾಯ್ದೆ, 1872ರ ಸೆಕ್ಷನ್ 56ರಲ್ಲಿ, ಒಪ್ಪಿಕೊಂಡ ಕೆಲಸ ಮಾಡೋದೇ ಅಸಾಧ್ಯವಾದರೆ ಕರಾರು ಬಿದ್ದುಹೋಗುತ್ತೆ ಅಂತ ಇದೆ. ಇದನ್ನು ಓದಿದ ತಕ್ಷಣ ನಮಗೂ, "ಇದೇ ನಮ್ಮ ಕೇಸು" ಅನ್ನಿಸಿತ್ತು. ಆದರೆ ಇಲ್ಲಿ ಅಸಾಧ್ಯವಾಗಿದ್ದು ಏನು? ಮನೆ ಅಲ್ಲೇ ಇದೆ, ಓನರ್ ಕೊಡೋಕೆ ತಯಾರಿದ್ದಾರೆ, ಅಕ್ಕ ಮನಸ್ಸು ಮಾಡಿದರೆ ಬಾಡಿಗೆ ಕಟ್ಟಬಹುದು. ಮನೆಯ ಅಗತ್ಯ ಇಲ್ಲವಾಯಿತು ಅಷ್ಟೇ. ಮನೆ ಸುಟ್ಟುಹೋಗಿದ್ದರೆ ಮಾತು ಬೇರೆ. ನಮಗೆ ಬೇಡವಾಗಿದ್ದಕ್ಕೂ ಆಗದೇ ಹೋಗಿದ್ದಕ್ಕೂ ಕಾನೂನಿನಲ್ಲಿ ತುಂಬಾ ವ್ಯತ್ಯಾಸ ಇದೆ. ಹಾಗಾಗಿ ಕಂಪನಿಯ ಮೇಲ್ ತೋರಿಸಿದರೆ ಓನರ್‌ಗೆ ನಾವು ಸುಳ್ಳು ಹೇಳ್ತಿಲ್ಲ ಅಂತ ನಂಬಿಕೆ ಬರಬಹುದು, ಆದರೆ ಅದೊಂದರಿಂದಲೇ ಪೂರ್ತಿ ದುಡ್ಡಿನ ಮೇಲೆ ಹಕ್ಕು ಬರಲ್ಲ.

ಇನ್ನೊಂದು ವಿಷಯ ನಮಗೆ ಅಂಕಲ್ ಮನೆಯಲ್ಲಿ ಕಾಫಿ ಕುಡಿಯುವಾಗ ಗೊತ್ತಾಯಿತು. ಹಿಂದಿನ ಸಲ ಒಬ್ಬ ಹುಡುಗ ಐದು ಸಾವಿರ ಟೋಕನ್ ಕೊಟ್ಟು, ತಿಂಗಳ ಕೊನೆ ದಿನ ಫೋನ್ ಎತ್ತದೆ ಮಾಯವಾದನಂತೆ. ಮನೆ ಒಂದು ತಿಂಗಳು ಖಾಲಿ. ಮೂರು ಮನೆಗೆ ಟೋಕನ್ ಕೊಟ್ಟು, ಕೊನೆಗೆ ಒಂದಕ್ಕೆ ಹೋಗೋ ಜನ ಇದ್ದಾರೆ. ಬಾಡಿಗೆಯಲ್ಲೇ ಮನೆ ಖರ್ಚು ನಡೆಸೋ ವಯಸ್ಸಾದವರಿಗೆ ಒಂದು ತಿಂಗಳ ಖಾಲಿ ಅಂದ್ರೆ ಸಣ್ಣ ಮಾತಲ್ಲ. "ವಾಪಸ್ ಇಲ್ಲ" ಅನ್ನೋ ಗಟ್ಟಿ ಮಾತು ಅಂಥ ಅನುಭವದಿಂದ ಬಂದಿದ್ದು, ದುರಾಸೆಯಿಂದಲೇ ಅಂತ ಅಂದುಕೊಳ್ಳಬೇಕಿಲ್ಲ.

ಹಾಗಂತ ಅಂಕಲ್ ವಾದ ಸರಿಯಾ? ಅದೂ ಅಲ್ಲ. ಬಾಡಿಗೆ ವಿಷಯ ಅಂದ ತಕ್ಷಣ ಎಲ್ಲರೂ ಬಾಡಿಗೆ ಕಾಯ್ದೆ ಅಂತಾರೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗೆ ಅನ್ವಯ ಆಗಲ್ಲ. ಇವತ್ತು ದಕ್ಷಿಣ ಬೆಂಗಳೂರಿನಲ್ಲಿ ಆ ಬಾಡಿಗೆಗೆ ಪಿ.ಜಿ.ಯಲ್ಲಿ ಒಂದು ಮಂಚ ಸಿಗೋದೂ ಕಷ್ಟ. ಆದ್ದರಿಂದ ಇಂಥ ಜಗಳ ಬಂದಾಗ ನಾವು ನೋಡಬೇಕಾಗಿದ್ದು ಅದೇ ಹಳೇ 1872ರ ಕರಾರು ಕಾಯ್ದೆ, ಮುಖ್ಯವಾಗಿ ಸೆಕ್ಷನ್ 73 ಮತ್ತು 74.

73 ಹೇಳೋದು, ಕರಾರು ಮುರಿದವನು ಅದರಿಂದ ಸಹಜವಾಗಿ ಆದ ನಷ್ಟ ತುಂಬಿಕೊಡಬೇಕು ಅಂತ. ಅದರಲ್ಲೇ ಇನ್ನೊಂದು ಮಾತಿದೆ: ನಷ್ಟ ಲೆಕ್ಕ ಹಾಕುವಾಗ, ಅದನ್ನು ಕಡಿಮೆ ಮಾಡಿಕೊಳ್ಳೋಕೆ ಇದ್ದ ದಾರಿಯನ್ನೂ ಗಣನೆಗೆ ತಗೋಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಓನರ್ ಬೋರ್ಡ್ ಮತ್ತೆ ಕಟ್ಟದೆ ಸುಮ್ಮನೆ ಕೂತು, "ಎರಡು ತಿಂಗಳು ಖಾಲಿ ಬಿತ್ತು, ಅದನ್ನೂ ಕೊಡು" ಅನ್ನೋ ಹಾಗಿಲ್ಲ. 74 ಹೇಳೋದು, ಮುರಿದರೆ ಇಷ್ಟು ದಂಡ ಅಂತ ಮೊದಲೇ ಬರೆದುಕೊಂಡಿದ್ದರೂ, ಸಿಗೋದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ, ಅಷ್ಟೇ.

ಸುಪ್ರೀಂ ಕೋರ್ಟಿನ ಎರಡು ತೀರ್ಪು ಇಲ್ಲಿ ಉಪಯೋಗಕ್ಕೆ ಬರುತ್ತೆ. ಎರಡೂ ಮಾರಾಟದ ಕೇಸುಗಳು, ಬಾಡಿಗೆಯದಲ್ಲ, ಆದರೆ ಪ್ರಶ್ನೆ ನಮ್ಮದೇ: ಹಿಂದೆ ಸರಿದವನ ದುಡ್ಡನ್ನು ಎಷ್ಟು ಇಟ್ಟುಕೊಳ್ಳಬಹುದು? ಮೊದಲನೆಯದು 1963ರ ಫತೇಚಂದ್ ಮತ್ತು ಬಾಲಕಿಶನ್ ದಾಸ್ ಕೇಸು. ದೆಹಲಿಯ ಒಂದು ಬಂಗಲೆ 1,12,500 ರೂಪಾಯಿಗೆ ಮಾತಾಗಿತ್ತು. ಕೊಳ್ಳುವವರು 1,000 ರೂಪಾಯಿ ಮುಂಗಡ ಕೊಟ್ಟರು, ಆಮೇಲೆ 24,000 ಕೊಟ್ಟರು, ವ್ಯವಹಾರ ಮುರಿಯಿತು. ಮಾರುವವರು ಎಲ್ಲಾ 25,000 ನಮ್ಮದೇ ಅಂದರು. ಕೋರ್ಟ್ ಆ ಸಾವಿರ ಇಟ್ಟುಕೊಳ್ಳಬಹುದು ಅಂತು. 24,000ವನ್ನು ಮಾತ್ರ ನಷ್ಟ ತೋರಿಸದೆ ಸುಮ್ಮನೆ ಮುಟ್ಟುಗೋಲು ಹಾಕೋ ಹಾಗಿಲ್ಲ ಅಂತು. ಎರಡನೆಯದು 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಕೇಸು. 3.12 ಕೋಟಿಗೆ ಹರಾಜಾದ ಸೈಟಿಗೆ ಕಟ್ಟಿದ್ದ 78 ಲಕ್ಷವನ್ನು ಪ್ರಾಧಿಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಆಮೇಲೆ ಅದೇ ಸೈಟನ್ನು 11.78 ಕೋಟಿಗೆ ಮಾರಿತು. ಅಲ್ಲಿ ಕೊಂಡವರು ಕರಾರು ಮುರಿದೇ ಇಲ್ಲ ಅಂತ ಕೋರ್ಟ್ ಹೇಳಿತು. ಜೊತೆಗೆ, ನಷ್ಟವೇ ಆಗದವರು ಪರಿಹಾರ ಅಂತ ದುಡ್ಡು ಹಿಡಿದಿಟ್ಟುಕೊಳ್ಳೋಕೆ ಬರಲ್ಲ ಅಂತಲೂ ಹೇಳಿ, 78 ಲಕ್ಷವನ್ನು ಬಡ್ಡಿ ಸಮೇತ ವಾಪಸ್ ಕೊಡಿಸಿತು.

ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ನಮಗೆ ಅರ್ಥವಾಗೋದು ಇಷ್ಟು. ಮಾತಿಗೆ ಗುರುತಾಗಿ ಕೊಟ್ಟ ಸಣ್ಣ ಮೊತ್ತವನ್ನು ಕಳೆದುಕೊಳ್ಳಬೇಕಾಗಬಹುದು. ಟೋಕನ್ 2,000 ಇದ್ದರೆ ಬಿಟ್ಟುಬಿಡೋದೇ ಮರ್ಯಾದೆ. ಆದರೆ ಒಂದು ತಿಂಗಳ ಬಾಡಿಗೆಯಷ್ಟು ಇಸ್ಕೊಂಡು ಅದಕ್ಕೂ ಟೋಕನ್ ಅಂತ ಹೆಸರಿಟ್ಟ ಮಾತ್ರಕ್ಕೆ ಪೂರ್ತಿ ಓನರ್‌ದಾಗಲ್ಲ. ನಷ್ಟ ಎಷ್ಟಾಯಿತು ಅನ್ನೋದನ್ನ ಕೇಳಲೇಬೇಕು.

ಸರಿ, ನಮ್ಮ ಕೇಸಿನ ನಷ್ಟ ಲೆಕ್ಕ ಹಾಕೋಣ. ನಾವು ಮೊದಲು ಮಾಡಿದ ತಪ್ಪು ಏನಂದ್ರೆ, ಜೂನ್ 8ರಿಂದ 21ರವರೆಗೆ 13 ದಿನ ಮನೆ ತಡೆಹಿಡಿದಿದ್ದೇವೆ, ದಿನಕ್ಕೆ ಸಾವಿರದಂತೆ 13,000 ನಷ್ಟ ಅಂತ ಅಂದುಕೊಂಡಿದ್ದು. ಅದು ತಪ್ಪು ಲೆಕ್ಕ. ಜೂನ್ ಪೂರ್ತಿ ಹಳೇ ಬಾಡಿಗೆದಾರರೇ ಅಲ್ಲಿದ್ದರು, ಬಾಡಿಗೆ ಬರ್ತಾನೇ ಇತ್ತು. ಅಕ್ಕ ಬರಬೇಕಾಗಿದ್ದು ಜುಲೈ 1ಕ್ಕೆ. ಹಾಗಾದರೆ ನಷ್ಟ ಶುರುವಾಗೋದೂ ಜುಲೈ 1ರಿಂದಲೇ. ಜೂನ್ 21ಕ್ಕೆ ಹೇಳಿದ್ದರಿಂದ ಅಂಕಲ್ ಕೈಯಲ್ಲಿ ಒಂಬತ್ತು ಹತ್ತು ದಿನ ಇತ್ತು. ಬೋರ್ಡ್ ಮತ್ತೆ ಕಟ್ಟಿದ್ದು 23ಕ್ಕೆ. ಹೊಸ ಬಾಡಿಗೆದಾರರು ಅದೇ ಬಾಡಿಗೆಗೆ ಜುಲೈ 8ಕ್ಕೆ ಬಂದರು. ಖಾಲಿ ಬಿದ್ದಿದ್ದು ಏಳು ದಿನ, 30,000 ಬಾಡಿಗೆಗೆ ದಿನಕ್ಕೆ ಸುಮಾರು ಸಾವಿರ, ಒಟ್ಟು 7,000.

ಅದರ ಮೇಲೆ ಇನ್ನೊಂದು ಇತ್ತು. ಬಾಲ್ಕನಿಗೆ ಪಾರಿವಾಳದ ನೆಟ್ ಹಾಕಿಸಿ ಅಂತ ಅಕ್ಕನೇ ಕೇಳಿದ್ದರು, ಅಂಕಲ್ 2,500 ಕೊಟ್ಟು ಹಾಕಿಸಿದ್ದರು. ನೆಟ್ ಈಗ ಹೊಸಬರಿಗೂ ಉಪಯೋಗ ಆಗುತ್ತೆ ಅಂತ ನಾವು ವಾದ ಮಾಡಬಹುದಿತ್ತು. ಆದರೆ ಅಕ್ಕ ಕೇಳದೆ ಇದ್ದಿದ್ದರೆ ಅವರು ಹಾಕಿಸ್ತಾನೇ ಇರಲಿಲ್ಲ, ಅದು ನಮ್ಮ ಲೆಕ್ಕಕ್ಕೆ ಸೇರಲಿ ಅಂತ ಒಪ್ಪಿಕೊಂಡೆವು. ಮನೆಗೆ ಪೇಂಟ್ ಮಾಡಿಸಿದ್ದು ಮಾತ್ರ ಬೇರೆ. ಅದು ಯಾರೇ ಬಂದರೂ ಮಾಡಿಸಬೇಕಾದ ಕೆಲಸ, ಅದನ್ನು ಟೋಕನ್‌ನಿಂದ ಕಳೆಯೋ ಹಾಗಿಲ್ಲ. ಒಟ್ಟು 7,000 ಮತ್ತು 2,500, ಅಂದರೆ 9,500. ವಾಪಸ್ ಬರಬೇಕಾಗಿದ್ದು 20,500.

ಈ ಲೆಕ್ಕ ಎರಡು ಕಡೆಗೂ ಕತ್ತರಿಸುತ್ತೆ ಅನ್ನೋದು ಮುಖ್ಯ. ಹೊಸಬರು ಜುಲೈ 1ಕ್ಕೇ ಬಂದಿದ್ದರೆ ಖಾಲಿ ದಿನ ಸೊನ್ನೆ, ನೆಟ್ಟಿನ ದುಡ್ಡು ಕಳೆದು 27,500 ಬರಬೇಕಿತ್ತು. ಆಗಸ್ಟ್ 1ರವರೆಗೂ ಯಾರೂ ಬರದೇ ಇದ್ದಿದ್ದರೆ ಪೂರ್ತಿ 30,000 ಹೋದರೂ ನಾವು ಬಾಯಿ ಬಿಡೋ ಹಾಗಿರಲಿಲ್ಲ. ಅಕ್ಕ ಮ್ಯಾನೇಜರ್‌ಗೆ ಕಾದ ಆ ನಾಲ್ಕು ದಿನ ಇದೆಯಲ್ಲ, ಅದೇ ದುಬಾರಿಯಾಗಿದ್ದು. ಬೆಂಗಳೂರಲ್ಲಿ ಮನೆ ಹುಡುಕೋರು ಬರೋದು ಬಹುಪಾಲು ಶನಿವಾರ, ಭಾನುವಾರ; ತಿಂಗಳ ಮೂರನೇ ವಾರ ಕಳೆದರೆ 1ನೇ ತಾರೀಖಿಗೆ ಬರೋರು ಆಗಲೇ ಬೇರೆ ಮನೆ ನೋಡಿಕೊಂಡಿರ್ತಾರೆ. ಮೇಲ್ ಬಂದ ದಿನವೇ, "ಟ್ರಾನ್ಸ್‌ಫರ್ ರದ್ದಾಗಿದೆ, ನೀವು ಬೇರೆಯವರಿಗೆ ತೋರಿಸೋಕೆ ಶುರು ಮಾಡಿ ಸರ್, ಏನಾದರೂ ಬದಲಾದರೆ ಹೇಳ್ತೀನಿ" ಅಂದಿದ್ದರೆ ಆ ಏಳು ದಿನ ಮೂರು ದಿನ ಆಗುತ್ತಿತ್ತೇನೋ.

ಅಕ್ಕ ಕೊನೆಗೆ ಕಳಿಸಿದ ಮೆಸೇಜ್ ನಾವೆಲ್ಲ ಸೇರಿ ಬರೆದಿದ್ದು. ಫೋನಲ್ಲಿ ಜಗಳ ಆಡೋದು ಬಿಟ್ಟು ಹೀಗೆ ಬರೆದೆವು:

"ನಮಸ್ತೆ ಅಂಕಲ್. ಜೂನ್ 8ಕ್ಕೆ 30,000 ಟೋಕನ್ ಕಳಿಸಿದ್ದೆ. ಟ್ರಾನ್ಸ್‌ಫರ್ ರದ್ದಾದ ಮೇಲ್ ಇದರ ಜೊತೆ ಕಳಿಸಿದ್ದೀನಿ. ನಾನು ಬರದೇ ಇದ್ದಿದ್ದರಿಂದ ನಿಮಗೆ ನಷ್ಟ ಆಗಬಾರದು. ಜುಲೈ 1ರಿಂದ ಹೊಸಬರು ಬರೋವರೆಗೆ ಎಷ್ಟು ದಿನ ಖಾಲಿ ಇರುತ್ತೋ ಅಷ್ಟು ದಿನದ ಬಾಡಿಗೆ, ನೆಟ್ಟಿನ 2,500 ಕಳೆದು ಉಳಿದಿದ್ದು ವಾಪಸ್ ಮಾಡಿ. ಮನೆ ತೋರಿಸೋಕೆ ನನ್ನ ತಮ್ಮಂದಿರು ಬಂದು ಸಹಾಯ ಮಾಡ್ತಾರೆ."

ಕೊನೆಯ ಸಾಲು ಸುಮ್ಮನೆ ಬರೆದಿದ್ದಲ್ಲ. ಅಂಕಲ್‌ಗೆ ಮಂಡಿ ನೋವು, ಎರಡು ಮಹಡಿ ಹತ್ತಿ ಮನೆ ತೋರಿಸೋದು ಕಷ್ಟ. ನಾವು ಎರಡು ವಾರಾಂತ್ಯ ಹೋಗಿ ತೋರಿಸಿದೆವು, ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಹಾಕಿದೆವು. ಹೊಸಬರು ಬಂದಿದ್ದು ಯಾವಾಗ ಅಂತ ಯಾರೂ ಯಾರಿಗೂ ಸುಳ್ಳು ಹೇಳೋ ಪ್ರಮೇಯವೇ ಬರಲಿಲ್ಲ. ದೂರ ಇದ್ದವರು ಇದನ್ನು ಬೇರೆ ರೀತಿ ತಿಳಿದುಕೊಳ್ಳಬಹುದು: ಆನ್‌ಲೈನ್ ಜಾಹೀರಾತು ಯಾವಾಗ ಮತ್ತೆ ಬಂತು, ಯಾವಾಗ ಹೋಯಿತು ಅಂತ ತಾರೀಖು ಕಾಣೋ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳೋದು. ಜುಲೈ 12ಕ್ಕೆ ಅಂಕಲ್ 20,000 ಕಳಿಸಿದರು. ಐನೂರರ ಬಗ್ಗೆ ಯಾರೂ ಮಾತಾಡಲಿಲ್ಲ.

ಎಲ್ಲಾ ಓನರ್‌ಗಳೂ ಹೀಗೆ ಒಪ್ಪಲ್ಲ, ಗೊತ್ತು. ಒಪ್ಪದಿದ್ದರೆ ಏನು? ಕೆಲವರು ಬ್ಯಾಂಕಿಗೆ ದೂರು ಕೊಟ್ಟು ಯುಪಿಐ ವಾಪಸ್ ತರಿಸಬಹುದು ಅಂತ ಅಂದುಕೊಂಡಿದ್ದಾರೆ. ನಾವೇ ಪಿನ್ ಹಾಕಿ, ಸರಿಯಾದವರಿಗೇ ಕಳಿಸಿದ ದುಡ್ಡು ಅದು. ಅದನ್ನು ವಂಚನೆ ಅಂತ ದೂರು ಕೊಡೋದು ಸುಳ್ಳು ದೂರು. ಮನೆಯನ್ನೇ ತೋರಿಸದೆ ಟೋಕನ್ ಇಸ್ಕೊಂಡು ನಂಬರ್ ಬಂದ್ ಮಾಡಿದವರ ಮೇಲೆ ಮಾತ್ರ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಅದೂ ತಕ್ಷಣ. ಉಳಿದಂತೆ ಇದು ಸಿವಿಲ್ ವಿಷಯ. ಇಪ್ಪತ್ತು ಸಾವಿರಕ್ಕೆ ವಕೀಲರನ್ನು ಹಿಡಿದರೆ ಫೀಸಿಗೇ ಸರಿಹೋಗುತ್ತೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ, ಕೇಸು ಹಾಕೋದಕ್ಕೆ ಮೊದಲೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸೋ ಅವಕಾಶ ಇದೆ, ಕೋರ್ಟ್ ಶುಲ್ಕ ಇಲ್ಲ. ಆದರೆ ಅಲ್ಲೂ ರಾಜಿಗೆ ಇಬ್ಬರೂ ಒಪ್ಪಬೇಕು. ಆದ್ದರಿಂದ ನಿಜವಾದ ಬಲ ಇರೋದು ದುಡ್ಡು ಕಳಿಸೋದಕ್ಕೆ ಮೊದಲಿನ ಐದು ನಿಮಿಷದಲ್ಲಿ.

ಆ ಐದು ನಿಮಿಷದಲ್ಲಿ ಓನರ್‌ಗೆ ಒಂದು ಮೆಸೇಜ್ ಕಳಿಸಿ, "ಸರಿ" ಅಂತ ಉತ್ತರ ಬಂದ ಮೇಲೆ ದುಡ್ಡು ಹಾಕಿ. ಅದರಲ್ಲಿ ಇರಬೇಕಾಗಿದ್ದು: ಯಾವ ಮನೆ, ಬಾಡಿಗೆ ಎಷ್ಟು, ಯಾವತ್ತು ಬರ್ತೀವಿ, ಟೋಕನ್ ಎಷ್ಟು, ಅದು ಅಡ್ವಾನ್ಸಿಗೆ ಸೇರುತ್ತೆ, ನಾವು ಬರದಿದ್ದರೆ ಖಾಲಿ ಬಿದ್ದ ದಿನದ ಬಾಡಿಗೆ ಮಾತ್ರ ಕಳೆದು ಉಳಿದಿದ್ದು ವಾಪಸ್, ಓನರ್ ಕಡೆಯಿಂದ ರದ್ದಾದರೆ ಪೂರ್ತಿ ವಾಪಸ್. ಬ್ರೋಕರ್ ಖಾತೆಗೆ ಟೋಕನ್ ಹಾಕಬೇಡಿ; ಆಮೇಲೆ ಓನರ್ "ನನಗೆ ಬಂದೇ ಇಲ್ಲ" ಅಂತಾರೆ, ಬ್ರೋಕರ್ "ಅದು ನನ್ನ ಕಮಿಷನ್" ಅಂತಾನೆ. ಟೋಕನ್ ಮೊತ್ತವನ್ನೂ ಕಡಿಮೆ ಇಡಿ. ಒಂದು ವಾರದ ಬಾಡಿಗೆಯಷ್ಟು ಕೊಟ್ಟರೆ ಓನರ್‌ಗೂ ಭದ್ರತೆ, ನಮಗೂ ತಡೆಯೋ ಹೊಡೆತ.

ಕೊನೆಯದಾಗಿ, ಈ ಕಥೆಯಲ್ಲಿ ಕಾಣಿಸಿಕೊಳ್ಳದ ಮೂರನೆಯವರೊಬ್ಬರಿದ್ದಾರೆ. ಅಕ್ಕ ಮತ್ತು ಅಂಕಲ್ ಇಬ್ಬರೂ ಮೂರು ವಾರ ಒಬ್ಬರ ಮೇಲೊಬ್ಬರು ಸಿಟ್ಟು ಮಾಡಿಕೊಂಡರು, ಆದರೆ ಮನಸ್ಸು ಬದಲಿಸಿದ್ದು ಅವರಿಬ್ಬರೂ ಅಲ್ಲ, ಕಂಪನಿ. ಬನ್ನಿ ಅಂತ ಬರೆದಿದ್ದೂ ಕಂಪನಿ, ಬೇಡ ಅಂತ ಬರೆದಿದ್ದೂ ಕಂಪನಿ. ಹತ್ತು ಸಾವಿರದ ಬಿಲ್ ಹೋಗಬೇಕಾಗಿದ್ದು ಅಲ್ಲಿಗೆ. ಅಕ್ಕ ಎರಡೂ ಮೇಲ್‌ಗಳನ್ನು, ಅಂಕಲ್ ಕಳಿಸಿದ ಲೆಕ್ಕದ ಮೆಸೇಜನ್ನು ಸೇರಿಸಿ ಎಚ್‌ಆರ್‌ಗೆ ಬರೆದರು. ಮೊದಲು "ಕೆಲಸಕ್ಕೆ ಹಾಜರಾದ ಮೇಲೆ ಮಾತ್ರ ಸ್ಥಳಾಂತರದ ಭತ್ಯೆ" ಅನ್ನೋ ಉತ್ತರ ಬಂತು. ಮ್ಯಾನೇಜರ್ ಮೂಲಕ ಮತ್ತೆ ಕೇಳಿದ ಮೇಲೆ ಕೊಟ್ಟರು. ಅಂಕಲ್ ನಷ್ಟವನ್ನು ಬರೆದು ಕೊಟ್ಟಿದ್ದರಿಂದಲೇ ಅದು ಸಾಧ್ಯವಾಗಿದ್ದು. "ಟೋಕನ್ ಹೋಯಿತು" ಅಂತ ಬಾಯಲ್ಲಿ ಹೇಳಿದ್ದರೆ ಯಾವ ಎಚ್‌ಆರ್ ಕೊಡ್ತಿದ್ದರು?

ನಾವು ಫೈನಲ್ ಇಯರ್‌ನಲ್ಲಿದ್ದೀವಿ. ಆಫರ್ ಲೆಟರ್‌ನಲ್ಲಿ ಒಂದು ಊರು ಇರುತ್ತೆ, ಸೇರೋ ಹೊತ್ತಿಗೆ ಇನ್ನೊಂದು ಊರು ಆಗಿರುತ್ತೆ, ಅಥವಾ ಸೇರೋ ತಾರೀಖೇ ಮುಂದಕ್ಕೆ ಹೋಗಿರುತ್ತೆ. ನಾಲ್ಕು ಜನ ಸೇರಿ ಬಿ.ಟಿ.ಎಂ.ನಲ್ಲಿ ಮನೆ ಹಿಡಿಯೋ ಮಾತು ನಮ್ಮ ಹಾಸ್ಟೆಲ್‌ನಲ್ಲೂ ಶುರುವಾಗಿದೆ. ಟೋಕನ್ ಕಳಿಸೋ ಮೊದಲು ಆ ಮೆಸೇಜ್ ಯಾರು ಬರೀತಾರೆ ಅಂತ ಈಗಲೇ ನಿರ್ಧಾರ ಮಾಡಿಕೊಂಡಿದ್ದೀವಿ. ನೀವೂ ಮಾಡಿಕೊಳ್ಳಿ.